ಪದ ಬೇಕು (ತುರ್ತು): ಫೀಲ್ಡಿಂಗಿನ ‘ಬ್ಯಾಕಪ್’ಗೆ ಕನ್ನಡದಲ್ಲಿ ಏನನ್ನೋಣ?

ಎಸ್.ಪಿ. ಬರೆದದ್ದು:

ಎಲ್ಲರಿಗೂ ನಮಸ್ಕಾರ. ಜಿಲ್ಲಾ ಟೂರ್ನಿ ಗೆದ್ದ ಹುಡುಗರ ಕ್ರಿಕೆಟ್ ತಂಡಕ್ಕೆ ನಾಳೆ ಸಂಜೆ ಅಭಿನಂದನೆ ಇದೆ. ಕೋಚ್ ಭಾಷಣವನ್ನು ಇಂಗ್ಲಿಷಿನಲ್ಲಿ ಬರೆದಿಟ್ಟುಕೊಂಡಿದ್ದಾರೆ, ಕನ್ನಡಕ್ಕೆ ತರುವ ಕೆಲಸ ನನ್ನ ತಲೆಗೆ ಬಂದಿದೆ. ಮಿಕ್ಕದ್ದೆಲ್ಲ ಸಲೀಸಾಗಿ ಆಯಿತು, ‘ಬ್ಯಾಕಪ್’ ಹತ್ತಿರ ಬಂದು ನಿಂತುಬಿಟ್ಟೆ.

ಅದು ಎರಡು ಕಡೆ ಬರುತ್ತೆ. ಫೈನಲ್‌ನ ಕೊನೆಯ ಓವರಿನಲ್ಲಿ ಮಿಡ್‌ಆಫ್ ಹುಡುಗ ಬ್ಯಾಕಪ್‌ಗೆ, ಅಂದರೆ ಥ್ರೋ ತಪ್ಪಿದರೆ ಹಿಂದೆ ನಿಂತು ತಡೆಯಲು, ಓಡಿ ನಾಲ್ಕು ರನ್ ಉಳಿಸಿದ ಅಂತ ಒಂದು ಕಡೆ. ಟೂರ್ನಿ ಉದ್ದಕ್ಕೂ ನೀವು ಒಬ್ಬರನ್ನೊಬ್ಬರು ಬ್ಯಾಕಪ್ ಮಾಡಿದಿರಿ ಅಂತ ಕೊನೆಯಲ್ಲಿ ಇನ್ನೊಮ್ಮೆ. ಎರಡೂ ಕಡೆ ಒಂದೇ ಮಾತು ಕೂತರೇ ಭಾಷಣಕ್ಕೆ ಕಳೆ. ಸಾಲದ್ದಕ್ಕೆ ಆ ಹುಡುಗನಿಗೆ ಪ್ರತ್ಯೇಕ ಫಲಕ ಕೊಡುತ್ತಾರಂತೆ, ಅದರ ಮೇಲೆ ಕೆತ್ತಿಸಲು ನಾಮಪದವೇ ಆಗಬೇಕು. ಕೆತ್ತುವವರಿಗೆ ಬೆಳಿಗ್ಗೆ ಹತ್ತರೊಳಗೆ ಹೇಳಬೇಕು. ಕ್ರಿಕೆಟ್ ನನಗೆ ಅಷ್ಟಕ್ಕಷ್ಟೆ.

ವಿ.ಎನ್.:

ಬೆಂಗಾವಲು. ಬೆನ್ ಮತ್ತು ಕಾವಲು ಸೇರಿ ಕಕಾರಕ್ಕೆ ಗಕಾರ ಬಂದಿದೆ. ಬೆನ್ನ ಹಿಂದಿನ ಕಾವಲು, ನೀವು ಕೇಳಿದ್ದೂ ಅದೇ. ಫಲಕಕ್ಕೆ ‘ಬೆಂಗಾವಲಿಗ’ ಎಂದು ಹಾಕಿಸಿ, ಕಾವಲಿಗ ಇದ್ದ ಹಾಗೆ. ಇನ್ನೇನು ಯಾರಾದರೂ ‘ಬೆಂಬಲ’ ಎನ್ನುತ್ತಾರೆ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ಅದರ ಅರ್ಧ ಸಂಸ್ಕೃತ.

ಕೆ.ಆರ್.:

ಬೆಂಗಾವಲು ಎಂದರೆ ಹುಡುಗರ ಕಣ್ಣಿಗೆ ಬರುವುದು ಮಂತ್ರಿಗಳ ಕಾರಿನ ಹಿಂದಿನ ಜೀಪು. ಬೆಂಬಲವೇ ಸಾಕು, ಎಲ್ಲರಿಗೂ ತಿಳಿಯುತ್ತೆ. ಮತ್ತೆ ವಿ.ಎನ್. ಸರ್, ‘ಬಲ’ ಸಂಸ್ಕೃತವಾದರೆ ಬಲ್ಲಿದ, ಬಲ್ಮೆ ಎಲ್ಲಿಂದ ಬಂದವು?

ಎಸ್.ಪಿ. ಮೇಡಂ, ನಾಲ್ಕು ರನ್ ಎಂಬ ಲೆಕ್ಕವನ್ನು ಮಾತ್ರ ಇನ್ನೊಮ್ಮೆ ಕೇಳಿ ನೋಡಿ. ಥ್ರೋ ಯಾರ ಕೈಗೂ ಸಿಗದೆ ಓವರ್‌ಥ್ರೋ ಆಗಿ ಬೌಂಡರಿಗೆ ಹೋದರೆ ಓಡಿದ ಎರಡಕ್ಕೆ ನಾಲ್ಕು ಸೇರಿ ಆರು. ಹಾಗಾದರೆ ಉಳಿಸಿದ್ದು ಆರು.

ವಿ.ಎನ್.:

ಬಲ್ಲಿದದ ‘ಬಲ್’ ಬೇರೆ, ಬಲದ ‘ಬಲ’ ಬೇರೆ. ಇದನ್ನು ಇಲ್ಲಿ ಹಿಂದೆಯೇ ಚರ್ಚಿಸಿ ಆಗಿದೆ. ಹಳೆಯ ಕಡತ ತೆಗೆದು ಓದಿ.

ಜಿ.ಬಿ.:

ಹುಡುಗರಿಗೆ ಫೀಲ್ಡಿಂಗ್ ಹೇಳಿಕೊಡುವವನು ನಾನು, ನಿಘಂಟು ನಿಮ್ಮ ಪಾಲಿಗೇ ಇರಲಿ. ಪದ ಹುಡುಕುವ ಮೊದಲು ಹುಡುಗ ಎಲ್ಲಿ ನಿಂತಿದ್ದ ಅಂತ ನೋಡೋಣ. ಎಸ್.ಪಿ. ಮೇಡಂ ಭಾಷಣದ ಆ ಭಾಗವನ್ನು ಕಳಿಸಿದ್ದರು, ಓದಿದೆ.

ಎದುರಾಳಿಗೆ ಮೂರು ಬಾಲಿಗೆ ಆರು ರನ್ ಬೇಕು. ಬಾಲು ಡೀಪ್ ಮಿಡ್‌ವಿಕೆಟ್‌ಗೆ ಹೋಯಿತು. ಒಂದು ರನ್ ಮುಗಿಸಿ ಇಬ್ಬರೂ ಎರಡನೆಯದಕ್ಕೆ ತಿರುಗಿದರು, ಥ್ರೋ ಬೌಲರ್ ಕಡೆಯ ಸ್ಟಂಪಿಗೆ ಬಂತು. ಬೌಲರ್ ಕೈಗೆ ಸಿಗಲಿಲ್ಲ, ಸ್ಟಂಪಿಗೂ ತಾಕಲಿಲ್ಲ. ಆ ಥ್ರೋದ ಗೆರೆಯನ್ನು ಹಾಗೇ ಮುಂದಕ್ಕೆ ಎಳೆದರೆ ಅದು ಮಿಡ್‌ಆಫ್ ಇರುವ ಕಡೆಗೇ ಹೋಗುತ್ತೆ. ಬಾಲು ಲೆಗ್ ಸೈಡಿಗೆ ಹೋದ ಕೂಡಲೇ ಮಿಡ್‌ಆಫ್‌ನವನಿಗೆ ‘ನನಗೇನೂ ಕೆಲಸವಿಲ್ಲ’ ಅನ್ನಿಸುತ್ತೆ. ಈ ವಯಸ್ಸಿನವರು ನಿಂತು ಆಟ ನೋಡುವುದೇ ಆಗ. ಇವನು ಥ್ರೋ ಕೈಬಿಡುವ ಮೊದಲೇ ಓಡಿದ್ದಾನೆ. ಸ್ಟಂಪಿಗೆ ಅಂಟಿಕೊಂಡೂ ನಿಲ್ಲಲಿಲ್ಲ, ಹತ್ತು ಹನ್ನೆರಡು ಗಜ ಹಿಂದೆ ನಿಂತ. ತೀರಾ ಹತ್ತಿರ ನಿಂತರೆ ಸ್ಟಂಪಿಗೆ ಸವರಿ ದಿಕ್ಕು ಬದಲಿಸಿದ ಬಾಲಿಗೆ ಕೈ ಹಾಕಲು ಹೊತ್ತು ಸಿಗುವುದಿಲ್ಲ.

ಈಗ ಲೆಕ್ಕ. ಕೆ.ಆರ್. ಹೇಳಿದ ಆರು ಪೂರ್ತಿ ಸರಿಯಲ್ಲ, ಪೂರ್ತಿ ತಪ್ಪೂ ಅಲ್ಲ. ಫೀಲ್ಡರ್ ಕೈಯಿಂದ ಥ್ರೋ ಬಿಟ್ಟ ಗಳಿಗೆಗೆ ಬ್ಯಾಟ್ಸ್‌ಮನ್‌ಗಳು ಎರಡನೆಯ ರನ್ನಿನಲ್ಲಿ ಒಬ್ಬರನ್ನೊಬ್ಬರು ದಾಟಿದ್ದರೆ ಆ ರನ್ ಸೇರಿ ಆರು, ಪಂದ್ಯ ಅಲ್ಲೇ ಮುಗಿಯುತ್ತಿತ್ತು. ದಾಟಿರದಿದ್ದರೆ ಮುಗಿದ ಒಂದಕ್ಕೆ ನಾಲ್ಕು ಸೇರಿ ಐದು. 2019ರ ವಿಶ್ವಕಪ್ ಫೈನಲ್‌ನಲ್ಲಿ ಜಗಳ ಎದ್ದದ್ದೂ ಇದರ ಮೇಲೆಯೇ. ಅಂಪೈರ್‌ಗಳು ಆರು ಕೊಟ್ಟರು, ಐದೇ ಕೊಡಬೇಕಿತ್ತು ಎಂದು ಮಾಜಿ ಅಂಪೈರ್ ಸೈಮನ್ ಟಾಫೆಲ್ ಆಮೇಲೆ ಹೇಳಿದರು. ಇಲ್ಲಿ ಬಾಲು ತಡೆದ ಮೇಲೆ ಅವರಿಗೆ ಸಿಕ್ಕಿದ್ದು ಎರಡು. ಅಂದರೆ ಉಳಿದದ್ದು ನಾಲ್ಕು ಅಥವಾ ಮೂರು. ಆರಂತೂ ಅಲ್ಲ.

ಪದದ ವಿಷಯ: ಅವನು ಬೌಲರ್‌ನ ಬೆನ್ನಿಗೆ ನಿಂತ. ಇಷ್ಟು ಸಾಲದೇ?

ಎಂ.ಡಿ.:

ಬ್ಯಾಕಪ್ ಅಂದರೆ ನಾನ್‌ಸ್ಟ್ರೈಕರ್ ಬೌಲರ್ ಜೊತೆಗೇ ಮುಂದೆ ಹೆಜ್ಜೆ ಹಾಕುವುದಲ್ಲವೇ? ನನ್ನ ಮಗ ಹಾಗೆ ಹೊರಟಾಗಲೇ ಬೌಲರ್ ಬೇಲ್ಸ್ ಎಗರಿಸಿ ಔಟ್ ಮಾಡಿದ. ಅದು ಮೋಸ ಎಂದು ಮನೆಯಲ್ಲಿ ಇನ್ನೂ ಕೂಗಾಟ ನಡೆದಿದೆ. ಆ ಅರ್ಥಕ್ಕೆ ಕನ್ನಡದಲ್ಲಿ ಏನು?

ಜಿ.ಬಿ.:

ಅದಕ್ಕೂ ಬ್ಯಾಕಪ್ ಎನ್ನುತ್ತಾರೆ, ಆದರೆ ಇವರು ಕೇಳಿದ್ದು ಅದಲ್ಲ. ಮೋಸವೂ ಅಲ್ಲ. 2022ರ ಅಕ್ಟೋಬರಿನಿಂದ ಅದನ್ನು ‘ಅನುಚಿತ ಆಟ’ದ ನಿಯಮದಿಂದ ತೆಗೆದು ಮಾಮೂಲಿ ರನ್‌ಔಟ್ ನಿಯಮಕ್ಕೆ ಸೇರಿಸಿದ್ದಾರೆ. ಬೌಲರ್ ಬಾಲು ಬಿಡುವವರೆಗೂ ಬ್ಯಾಟು ಗೆರೆಯೊಳಗೆ ಇರಲಿ ಎಂದು ಹುಡುಗನಿಗೆ ಹೇಳಿ.

ವಿ.ಎನ್.:

ಥ್ರೋ, ಬೌಲರ್, ಸ್ಟಂಪು, ಬಾಲು. ಒಂದು ಕಾಗದದಲ್ಲಿ ಇಷ್ಟು ಎರವಲು! ಎಸೆತ, ಎಸೆತಗಾರ, ಗೂಟ, ಚೆಂಡು ಎಲ್ಲಿ ಹೋದವು? ದಾಂಡಿಗ ಎಂಬ ಅಚ್ಚಗನ್ನಡ ಪದ ಇರುವಾಗ ಬ್ಯಾಟ್ಸ್‌ಮನ್ ಯಾಕೆ?

ಕೆ.ಆರ್.:

ದಾಂಡಿಗ ಅಚ್ಚಗನ್ನಡವೇ? ದಾಂಡು ಬಂದದ್ದು ಸಂಸ್ಕೃತದ ದಂಡದಿಂದ ಸ್ವಾಮಿ. ಬೆಂಬಲಕ್ಕೆ ಒಂದು ತಕ್ಕಡಿ, ದಾಂಡಿಗನಿಗೆ ಇನ್ನೊಂದೇ?

ಎಸೆತದ್ದು ಇನ್ನೂ ದೊಡ್ಡ ಪೇಚು. ಪತ್ರಿಕೆಗಳಲ್ಲಿ ಬೌಲ್ ಮಾಡಿದ ಬಾಲಿಗೆ ಎಸೆತ ಎಂದು ಬರೆದು ರೂಢಿಯಾಗಿದೆ. ಈಗ ಫೀಲ್ಡರ್ ಎಸೆದದ್ದನ್ನೂ ಎಸೆತ ಎಂದರೆ ‘ಕೊನೆಯ ಓವರಿನ ನಾಲ್ಕನೇ ಎಸೆತದಲ್ಲಿ ಎಸೆತ ತಪ್ಪಿತು’ ಎಂದು ಬರೆಯಬೇಕಾಗುತ್ತೆ. ಮೇಲಾಗಿ ಬೌಲರ್ ಬಾಲನ್ನು ಎಸೆಯಲೇ ಬಾರದು. ಮೊಣಕೈ ನೀಡಿ ಎಸೆದರೆ ನೋಬಾಲ್. ಆಟದಲ್ಲಿ ತಪ್ಪಾದದ್ದೇ ಅವನ ಹುದ್ದೆಯ ಹೆಸರಾಗಿದೆ ನಮ್ಮಲ್ಲಿ.

ವಿ.ಎನ್.:

ರೂಢಿಯ ತಪ್ಪನ್ನು ಭಾಷೆಯ ತಲೆಗೆ ಕಟ್ಟಬೇಡಿ. ಬಾಗಿಲು ಹೀಗೆ ತೆರೆದಿಟ್ಟರೆ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ಆರ್.ಎಲ್.:

ಅದು ಉಳಿದರೆ ಸಾಕಲ್ಲ! ರನ್ನು, ರನ್ನಿಗೆ, ರನ್ನಿನಿಂದ ಎಂದಾಗ ಆ ಪದಕ್ಕೆ ಇಂಗ್ಲಿಷಿನ ನೆನಪೇ ಇಲ್ಲ. ಬಾಲು, ಬ್ಯಾಟು ಕೂಡ ಹಾಗೇ. ಬ್ಯಾಕಪ್ ಇನ್ನೂ ಹಾಗೆ ಒಗ್ಗಿಲ್ಲ, ‘ಬ್ಯಾಕಪ್ ಮಾಡಿದಿರಿ’ ಎಂದರೆ ಫೋನಿನ ಫೋಟೊ ನೆನಪಾಗುತ್ತೆ. ಆದ್ದರಿಂದ ಇಲ್ಲಿ ಕನ್ನಡ ಹುಡುಕುವುದು ಸರಿ, ಬೌಲರ್‌ಗೆ ಹುಡುಕುವುದು ವ್ಯರ್ಥ. ಜಿ.ಬಿ. ಅವರ ‘ಬೆನ್ನಿಗೆ ನಿಂತ’ಕ್ಕೆ ನನ್ನ ಮತ. ಮೈದಾನದ ನಿಲುವಿಗೂ ಹೊಂದುತ್ತೆ, ಸ್ನೇಹಕ್ಕೂ ಹೊಂದುತ್ತೆ.

ಎಸ್.ಪಿ.:

ಎಲ್ಲರಿಗೂ ಧನ್ಯವಾದ. ಕೋಚ್‌ಗೆ ಫೋನ್ ಮಾಡಿದ್ದೆ. ಥ್ರೋ ಬಿಟ್ಟಾಗ ಅವರಿಬ್ಬರೂ ದಾಟಿರಲಿಲ್ಲ, ಖಂಡಿತ ಅಂದರು. ಮೂರು ರನ್ ಅಂತ ತಿದ್ದಲೇ ಎಂದರೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಹೂಂ, ಗೆದ್ದದ್ದು ಒಂದೇ ರನ್ನಿಂದ, ಮೂರಾದರೂ ಸಾಕು ಅಂದರು. ಭಾಷಣ ಈಗ ಹೀಗಿದೆ:

“ಬಾಲು ಆ ಕಡೆ ಹೋದಾಗ ಇವನಿಗೆ ಓಡುವ ಕೆಲಸವೇ ಇರಲಿಲ್ಲ. ಆದರೂ ಓಡಿದ, ಬೌಲರ್‌ನ ಬೆನ್ನಿಗೆ ನಿಂತ, ಮೂರು ರನ್ ಉಳಿಸಿದ. ನಾವು ಗೆದ್ದದ್ದು ಒಂದು ರನ್ನಿಂದ. ಟೂರ್ನಿ ಉದ್ದಕ್ಕೂ ನೀವೆಲ್ಲ ಒಬ್ಬರ ಬೆನ್ನಿಗೆ ಒಬ್ಬರು ನಿಂತಿರಿ. ಕ್ಯಾಚ್ ಬಿಟ್ಟವನನ್ನು ಯಾರೂ ಬೈಯಲಿಲ್ಲ, ಅದನ್ನೂ ನಾನು ನೋಡಿದ್ದೇನೆ.”

ಫಲಕ ಮಾತ್ರ ಹಾಗೇ ಉಳಿದಿದೆ. ‘ಬೆನ್ನಿಗೆ ನಿಂತವನು’ ಎಂದು ಕೆತ್ತಿಸಲಾಗುತ್ತದೆಯೇ?

ವಿ.ಎನ್.:

ಬೆಂಗಾವಲಿಗ.

ಕೆ.ಆರ್.:

ಆ ಹುಡುಗನಿಗೆ ಶಾಲೆಯಲ್ಲಿ ಅದೇ ಅಡ್ಡಹೆಸರಾಗುತ್ತೆ. ‘ಅತ್ಯುತ್ತಮ ಕ್ಷೇತ್ರರಕ್ಷಕ’ ಎಂದು ಹಾಕಿಸಿ ಬಿಟ್ಟುಬಿಡಿ.

ಜಿ.ಬಿ.:

ಅದು ಬೇರೆ ಬಹುಮಾನ ಸಾರ್. ಕ್ಯಾಚು, ರನ್‌ಔಟು ಎಣಿಸಿ ಕೊಡುವಂಥದ್ದು. ಇವನು ಮಾಡಿದ್ದಕ್ಕೆ ಸ್ಕೋರ್‌ಬುಕ್ಕಿನಲ್ಲಿ ಕಾಲಮ್ಮೇ ಇಲ್ಲ. ಹೆಸರು, ‘ಫೈನಲ್, ಕೊನೆಯ ಓವರ್’, ಇಷ್ಟೇ ಕೆತ್ತಿಸಿ.

ಎಂ.ಡಿ.:

ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ನಾನ್‌ಸ್ಟ್ರೈಕರ್‌ದಕ್ಕೆ ಕನ್ನಡದಲ್ಲಿ ಏನು?