ಸಹಾಯ ಬೇಕು: ಮನೇಲಿ 5ಜಿ ಬಿಟ್ಟು 4ಜಿಗೇ ಇಡ್ಲಾ?

ನಮ್ಮನೆ ಶಿರಸಿ ಹತ್ರ, ಅಡಿಕೆ ತೋಟದ ಕೆಳಗೆ ತಗ್ಗಲ್ಲಿ. ಪೇಟೇಲಿ 5ಜಿ ಚೆನ್ನಾಗಿ ಬರತ್ತೆ, ಮನೇಲಿ ಮಾತ್ರ ಒಂದು ಕಡ್ಡಿ ಬಂದು ಹೋಗಿ ಮಾಡ್ತಾ ಇರತ್ತೆ, ಫೋನು 5ಜಿ 4ಜಿ ಅಂತ ಹುಡುಕಿ ಹುಡುಕಿ ಸುಮ್ನೆ ಇಟ್ರೂ ಬಿಸಿ, ಮಧ್ಯಾಹ್ನಕ್ಕೇ ಬ್ಯಾಟರಿ 30%. ಸೆಟ್ಟಿಂಗ್ಸಲ್ಲಿ Preferred network type ಒಳಗೆ 4ಜಿ/3ಜಿ/2ಜಿ ಆಟೋ ಮಾಡ್ದೆ, ಈಗ ರಾತ್ರಿವರೆಗೂ ಬರ್ತಿದೆ, ನೆಟ್ಟೂ ಸಾಕು.

ಆದ್ರೆ ಸಿಮ್ ಸ್ಟೇಟಸಲ್ಲಿ 4ಜಿ ಸಿಗ್ನಲ್ -116 ಡಿಬಿಎಂ ತೋರ್ಸತ್ತೆ (ಜಗಲಿಗೆ ಬಂದ್ರೆ -104, ಮೈನಸ್ ಕಮ್ಮಿ ಆದಷ್ಟೂ ಒಳ್ಳೇದಲ್ವಾ), ಒಳಗೆ ಕೂತು ಮಾತಾಡ್ತಾ ಇದ್ರೆ ಕಾಲ್ ಕಟ್. 2ಜಿ ಮಾತ್ರ ಇಟ್ರೆ ಕಾಲ್ ಗಟ್ಟಿ ನಿಲ್ಲತ್ತೆ, ವಾಟ್ಸಾಪ್ ಸತ್ತೋಗತ್ತೆ. ವೋಲ್ಟಿ ಆಫ್ ಮಾಡಿ 4ಜಿ ಆಟೋಲೇ ಬಿಟ್ರೆ ಕಾಲ್ ಬಂದಾಗ ಮಾತ್ರ ತಾನೇ 2ಜಿಗೆ ಇಳಿಯತ್ತಾ? ಹಾಗೆ ಮಾಡಿ ನೋಡ್ದವ್ರು ಯಾರಾದ್ರೂ ಇದ್ರೆ ಹೇಳ್ರೋ.