ಅಪ್‌ಡೇಟ್: ಬಾವಿ ಬತ್ತಿದಾಗ ಸೋಲಾರ್ ಪಂಪ್

ನಾನು ಕೇಳಿದ್ದು: "ಕಾಸರಗೋಡಿನಲ್ಲಿ ಅಡಿಕೆ ತೋಟ. ಬಾವಿ ಖಾಲಿಯಾದರೂ ಸೋಲಾರ್ ಪಂಪ್ ನಿಲ್ಲೋದಿಲ್ಲ. ಸಂಜೆ ನೀರು ಬಿಡಲು ಬ್ಯಾಟರಿ ಬೇಕಾ?"

ಬ್ಯಾಟರಿ ಹಾಕಿಸಲಿಲ್ಲ. ಗುಡ್ಡದ ಮೇಲೆ 10,000 ಲೀಟರ್ ಟ್ಯಾಂಕ್ ಇಡಿಸಿದೆ. ಬಿಸಿಲಿದ್ದಾಗ ತುಂಬುತ್ತದೆ, ಸಂಜೆ ಡ್ರಿಪ್‌ಗೆ ತಾನಾಗಿ ಇಳಿಯುತ್ತದೆ.

ನೀರಿಲ್ಲದೆ ಪಂಪ್ ಓಡುವ ಡ್ರೈ ರನ್ ವಿಷಯ ಸ್ವಲ್ಪ ತಲೆ ತಿಂದಿತು. ನಮ್ಮ ಕಂಟ್ರೋಲರ್ ಮೋಟರಿನ ಕರೆಂಟ್ ಮಾತ್ರ ನೋಡುತ್ತಿತ್ತು. ನೀರಿಲ್ಲದಿದ್ದರೆ ಕರೆಂಟ್ ಇಳಿಯುತ್ತದೆ ನಿಜ. ಆದರೆ ಮೋಡ ಬಂದರೂ ಇಳಿಯುತ್ತದೆ, ಅಲ್ವಾ? ಮಿತಿ ಬಿಗಿ ಮಾಡಿದರೆ ಸುಮ್ನೆ ನಿಲ್ಲುತ್ತಿತ್ತು. ಈಗ ಪಂಪಿಗಿಂತ ಸ್ವಲ್ಪ ಮೇಲೆ ಬಾವಿಯಲ್ಲಿ ನೀರಿನ ಮಟ್ಟ ನೋಡುವ ಪ್ರೋಬ್ ಇಳಿಸಿದ್ದೇವೆ. ನೀರು ಅದಕ್ಕಿಂತ ಕೆಳಗಿಳಿದರೆ ಪಂಪ್ ಬಂದ್. ಏಪ್ರಿಲ್‌ನಲ್ಲಿ ಒರತೆ ನಿಧಾನ, ಹಾಗಾಗಿ ಮತ್ತೆ ಶುರುವಾಗುವ ಮೊದಲು ಕಾಯುವ ಸಮಯವನ್ನೂ ಜಾಸ್ತಿ ಇಟ್ಟೆ.

ಟ್ಯಾಂಕ್ ತುಂಬಿದಾಗ ಪಂಪ್ ನಿಲ್ಲಿಸುವ ಫ್ಲೋಟ್ ಸ್ವಿಚ್‌ನಲ್ಲಿ ಹೋಗುವುದು ಸಿಗ್ನಲ್ ಮಾತ್ರ, ಸಣ್ಣ ವಯರ್ ಸಾಕು. ಸರ್ಕ್ಯೂಟ್ ಕೂಡಿದ್ದರೆ ಮಾತ್ರ ಪಂಪ್ ಓಡುವಂತೆ ಜೋಡಿಸಿ. ಇಲಿ ವಯರ್ ಕಡಿದರೆ ಪಂಪ್ ನಿಲ್ಲುತ್ತದೆ, ಟ್ಯಾಂಕ್ ತುಂಬಿ ಹರಿಯುವುದಿಲ್ಲ.