ಪದಚರ್ಚೆ: ಅತಿ ನುಣುಪಾಗಿಸಿದ ಮುಖಕ್ಕೆ ಚರ್ಮದ ಗುಳಿ, ತರಿ ವಾಪಸ್ ತರೋದಕ್ಕೆ ಏನಂತೀರಿ?

ಪ್ರಶಾಂತ, ಮಾಟುಂಗಾ:

ಎಲ್ಲರಿಗೂ ನಮಸ್ಕಾರ. ಒಂದು ಪದ ಅರ್ಜೆಂಟಾಗಿ ಬೇಕು, ನಾಳೆ ಬೆಳಗ್ಗೆ ಹನ್ನೊಂದಕ್ಕೆ ಬೋರ್ಡ್ ಬರೆಯೋನು ಬರ್ತಾನೆ. ಅಂಗಡಿಯ ರೇಟ್ ಬೋರ್ಡಲ್ಲಿ ಮರಾಠಿ ಸಾಲು ರೆಡಿ ಇದೆ, ಅದರ ಕೆಳಗೆ ಕನ್ನಡ ಹಾಕಿಸ್ಬೇಕು, ಯಾಕಂದ್ರೆ ಹಳೇ ಫೋಟೋ ರಿಪೇರಿಗೆ ಬರೋರಲ್ಲಿ ನಮ್ಮ ಕಡೆಯೋರೇ ಜಾಸ್ತಿ. ಕೆಲಸ ಏನಂದ್ರೆ, ಬೇರೆ ಯಾರೋ ಮೊದಲೇ ಎಡಿಟ್ ಮಾಡಿ ಮುಖ ಪೂರ್ತಿ ನುಣ್ಣಗೆ ಮಾಡಿಬಿಟ್ಟಿರ್ತಾರೆ, ಅಂಥ ಮುಖಕ್ಕೆ ಚರ್ಮದ ಸಣ್ಣ ತೂತು, ಆ ಒರಟುತನ, ಫಿಲ್ಮಿನ ಗ್ರೈನ್ ಎಲ್ಲ ತಿರುಗಿ ತರೋದು. ಒಂದೇ ಪದ ಇದ್ರೆ ಒಳ್ಳೇದು, ಬೋರ್ಡಲ್ಲಿ ಜಾಗ ಕಮ್ಮಿ.

ಈಗ ಕೈಯಲ್ಲಿರೋ ಕೇಸ್ ಹೇಳ್ತೀನಿ. ಕಲ್ಯಾಣದಿಂದ ಒಬ್ಬ ಅಜ್ಜಿ ಬಂದಿದ್ರು, ಅವರ ಯಜಮಾನರದ್ದು 1974ರ ಸ್ಟುಡಿಯೋ ಫೋಟೋ, ಕಪ್ಪು ಬಿಳುಪು, 120 ಫಿಲ್ಮು. ಯಾವುದೋ ಅಂಗಡೀಲಿ ಸ್ಕ್ಯಾನ್ ಮಾಡಿಸಿ ದೊಡ್ಡದು ಮಾಡಿಸಿದಾರೆ, ಅಲ್ಲಿ ಮುಖ ತಿಕ್ಕಿ ತಿಕ್ಕಿ ಸಪಾಟ ಮಾಡಿದಾರೆ, ಮೇಲಿಂದ ಆ ನೆಗೆಟಿವೂ ಕಳ್ಕೊಂಡಿದಾರೆ. ಅಜ್ಜಿ ಕೇಳಿದ್ದು ಒಂದೇ ಮಾತು: "ಇವರ ಕೆನ್ನೆ ಮೇಲೆ ಸಿಡುಬಿನ ಕಲೆ ಇತ್ತಲ್ಲಪ್ಪ, ಅದನ್ನ ಯಾರು ಒರೆಸಿದ್ರು?" ಅದು ಕೇಳಿದ ಮೇಲೆ ಬೋರ್ಡಲ್ಲಿ "ಟೆಕ್ಸ್ಚರ್" ಅಂತ ಬರೆಸೋಕೆ ಮನಸ್ಸಾಗ್ತಿಲ್ಲ.

ವಾಮನರಾವ್, ಕೋಥ್ರೂಡ್:

ತರಿ. ಇದಕ್ಕಿಂತ ಬೇರೆ ಪದ ಬೇಕಾಗಿಲ್ಲ. ಅಕ್ಕಿ ತರಿ, ತರಿತರಿಯಾಗಿ ರುಬ್ಬು ಅಂತ ಪ್ರತಿ ಮನೇಲೂ ಅಂತಾರ. ಕಡಿ ಅನ್ನೋ ಅರ್ಥದ ತರಿ ಕ್ರಿಯಾಪದಾನೂ ಇದೇ ಬೇರಿಂದು ಅಂತ ನಾನು ಮೊದಲಿಂದ ಹೇಳ್ತಾ ಬಂದೀನಿ, ತರಿದಾಗ ಉಳಿಯೋದೇ ತರಿ. "ಚರ್ಮದ ತರಿ ಮರಳಿಕೆ" ಅಂತ ಬರೆಸ್ರಿ. ರಂಧ್ರ, ರೋಮ, ಕೂಪ ಅಂತ ಸಂಸ್ಕೃತ ತುರುಕಬ್ಯಾಡ್ರಿ.

ಶಾರದಾ, ಡೊಂಬಿವಲಿ:

ಎರಡು ಪದ ಒಂದೇ ಥರ ಕೇಳಿಸಿದ ಮಾತ್ರಕ್ಕೆ ಬೇರೂ ಒಂದೇ ಆಗೋಲ್ಲ ಅಂತ ಹೋದ ಸಲಾನೇ ಹೇಳಿದ್ದೆ, ಮತ್ತೆ ಶುರು ಮಾಡಬೇಡಿ. ತರಿ ಅಂದ್ರೆ ಉಬ್ಬಿ ಕೈಗೆ ಸಿಗೋದು. ಚರ್ಮದಲ್ಲಿರೋದು ತಗ್ಗು. ಅದಕ್ಕೆ ರೋಮಕೂಪ ಅನ್ನೋ ಪದ ಆಗಲೇ ಇದೆ, ಕೂಪ ಅಂದ್ರೆ ಬಾವಿ, ಆಳ ಇರೋದು. ರಂಧ್ರ ಅಂದ್ರೆ ಆಚೆ ಈಚೆ ತೂರೋ ತೂತು ಅನ್ನಿಸತ್ತೆ. ಬೆವರುರಂಧ್ರ ಅಂತೂ ತಪ್ಪೇ, ಮೂಗಿನ ಮೇಲೆ ಕಣ್ಣಿಗೆ ಕಾಣೋದು ಕೂದಲಿನ, ಎಣ್ಣೆ ಗ್ರಂಥಿಯ ಬಾಯಿ, ಬೆವರಿನದ್ದು ಅಷ್ಟು ದೊಡ್ಡದಿರೋಲ್ಲ.

ಗೀತಾ, ಪಿಂಪ್ರಿ:

ನನ್ನ ಮಗಳಿಗೂ ಮೂಗಿನ ಅಕ್ಕಪಕ್ಕ ಈ ತೂತುಗಳು ದೊಡ್ಡದಾಗಿ ಕಾಣ್ತವೆ, ಅದನ್ನ ಕಮ್ಮಿ ಮಾಡೋದಕ್ಕೇ ಎಲ್ಲರೂ ಒದ್ದಾಡ್ತಾರೆ, ನೀವ್ಯಾಕೆ ವಾಪಸ್ ತರ್ತೀರಿ? ಕಡ್ಲೆಹಿಟ್ಟು ಮೊಸರು ಹಚ್ಚಿ ಸ್ವಲ್ಪ ವಾಸಿ ಆಗಿದೆ. ಪದ ಬೇಕಂದ್ರೆ ನಮ್ಮಲ್ಲಿ ಚರ್ಮದ ತೂತು ಅಂತಾನೇ ಅನ್ನೋದು.

ಉದಯ, ವಸಾಯಿ:

ಪ್ರಶಾಂತ್, ಇಷ್ಟಕ್ಕೆಲ್ಲ ಪದ ಯಾಕೆ ಮಾರಾಯ್ರೆ, ಗ್ರೈನ್ ಅಂತ ಬರೆಸಿ. ಕೆಲಸವೂ ಅಷ್ಟೇ ಅಲ್ವಾ, ನಾನು ಮದುವೆ ವಿಡಿಯೋದಲ್ಲಿ ದಿನಾ ಮಾಡ್ತೇನೆ, ಮುಖ ಜಾಸ್ತಿ ನಯ ಆಯ್ತಾ, ಮೇಲಿಂದ ಸ್ವಲ್ಪ ನಾಯ್ಸ್ ಹಾಕಿದ್ರೆ ಕಣ್ಣಿಗೆ ಸರಿಯಾಗ್ತದೆ. ಐದು ನಿಮಿಷದ ಕೆಲಸಕ್ಕೆ ರೋಮಕೂಪ ಅಂತ ಬೋರ್ಡ್ ಹಾಕಿದ್ರೆ ಗಿರಾಕಿ ಚರ್ಮದ ಡಾಕ್ಟರ್ ಅಂದ್ಕೊಂಡು ಒಳಗೆ ಬಂದಾನು.

ನಾಗೇಶ, ಮಡಗಾಂವ್:

ಉದಯ ಹೇಳಿದ್ದು ಓಡ್ತಾ ಇರೋ ವಿಡಿಯೋಕ್ಕೆ ಸರಿ, ಗೋಡೆಗೆ ಹಾಕೋ 12 ಇಂಚಿನ ಪ್ರಿಂಟಿಗೆ ಅಲ್ಲ. ಇಲ್ಲಿ ಎರಡು ಬೇರೆ ಬೇರೆ ವಸ್ತು ಇದಾವೆ, ಪದವೂ ಎರಡು ಬೇಕು. ಗ್ರೈನ್ ಫಿಲ್ಮಿಂದು, ಅದು ಮುಖ, ಕಾಲರು, ಹಿಂದಿನ ಗೋಡೆ ಎಲ್ಲ ಕಡೆ ಒಂದೇ ಸಮ ಇರ್ತದೆ. ಗುಳಿಗಳು ಮುಖದ್ದು. ಮೂಗಿನ ಪಕ್ಕ, ಕೆನ್ನೆಯ ಒಳಭಾಗದಲ್ಲಿ ದೊಡ್ಡದು ದುಂಡಗೆ, ದವಡೆ ಕಡೆ ಹೋಗ್ತಾ ಸಣ್ಣದಾಗಿ ಎಳೆದಂಗೆ, ಕಣ್ಣಿನ ಕೆಳಗೆ ಬರೀ ಸಣ್ಣ ಗೆರೆ, ತುಟಿ ಮೇಲೆ ಇಲ್ವೇ ಇಲ್ಲ. ನಾಯ್ಸ್ ಹಾಕಿದ್ರೆ ಇವೆಲ್ಲಾ ಒಂದೇ ಆಗ್ತದೆ, ಮುಖ ಮರಳುಕಾಗದದ ಥರ ಕಾಣ್ತದೆ.

ಪ್ರಶಾಂತ, ಅಜ್ಜಿ ಹತ್ರ ಅದೇ ದಿನ ತೆಗೆದ ಇನ್ನೊಂದು ನೆಗೆಟಿವ್ ಇದೆಯಾ ಕೇಳಿದ್ರಾ? ಅದಿಲ್ಲದೆ ಸಿಡುಬಿನ ಕಲೆ ಬರೋಲ್ಲ. ಗುಳಿ ಬೇರೆಯವರ ಕೆನ್ನೆಯಿಂದ ತಂದರೂ ಹೆಂಗೋ ನಡೀತದೆ, ಕಲೆ ಮಾತ್ರ ಆ ಮನುಷ್ಯಂದೇ ಆಗ್ಬೇಕು.

ಪ್ರಶಾಂತ:

ಇದೆ ಸರ್, ಅದೇ ರೋಲಿಂದು ಇನ್ನೊಂದು, ಲಕೋಟೇಲಿ ಸಿಕ್ತು. ಆದ್ರೆ ಅದರಲ್ಲಿ ಸ್ವಲ್ಪ ದೂರ ನಿಂತಿದಾರೆ, ಮುಖ ಚಿಕ್ಕದು. ಬೆಳಕು ಅದೇ, ಎಡಗಡೆಯಿಂದ. 2400 ಡಿಪಿಐಗೆ ಸ್ಕ್ಯಾನ್ ಮಾಡಿದೀನಿ.

ನಾಗೇಶ:

ಹಂಗಾದ್ರೆ ಅರ್ಧ ಕೆಲಸ ಆಯ್ತು. ಆ ಎರಡನೇ ಸ್ಕ್ಯಾನಿನ ಮುಖ ಕತ್ತರಿಸಿ, ನುಣುಪು ಮುಖದ ಅಳತೆಗೆ ಹಿಗ್ಗಿಸಿ, ಫೋಟೋಶಾಪಲ್ಲಿ ಅದರದ್ದೇ ಎರಡು ಲೇಯರ್ ಮಾಡಿ. ಕೆಳಗಿಂದಕ್ಕೆ ಬ್ಲರ್ ಕೊಡಿ, ಗುಳಿ ಮಾಯ ಆಗೋವರೆಗೆ ಮಾತ್ರ, ಮೂಗು ತುಟಿಯ ಆಕಾರ ಕರಗೋಕೆ ಶುರುವಾದ್ರೆ ಹೆಚ್ಚಾಯ್ತು ಅಂತ, ನಿಮ್ಮ ಅಳತೆಗೆ 6 ಪಿಕ್ಸೆಲಿಂದ ನೋಡ್ತಾ ಹೋಗಿ. ಮೇಲಿನದರಲ್ಲಿ Apply Image ತೆಗೆದು ಆ ಬ್ಲರ್ ಲೇಯರನ್ನ Subtract ಮಾಡಿ, Scale 2, Offset 128, ಇದು 8 ಬಿಟ್ ಫೈಲಿಗೆ. ಪೂರ್ತಿ ಬೂದು ಬಣ್ಣದ ಒಂದು ಹಾಳೆ ಸಿಗ್ತದೆ, ಅದರ ಮೇಲೆ ಗುಳಿ, ಕಲೆಯ ಅಂಚು, ಗೆರೆ ಮಾತ್ರ ಇರ್ತಾವೆ. ಆ ಹಾಳೆಯನ್ನ ನುಣುಪು ಮುಖದ ಮೇಲಿಟ್ಟು Linear Light ಮಾಡಿ. ಬೂದು ಇರೋ ಕಡೆ ಏನೂ ಬದಲಾಗೋಲ್ಲ, ಗುಳಿ ಇರೋ ಕಡೆ ಮಾತ್ರ ಕೆಳಗಿನ ಚರ್ಮ ತಗ್ಗಾಗ್ತದೆ. ಮೂಗಿಗೆ ಮೂಗು ಕೂರೋ ಹಂಗೆ ಎಳೆದು ಹೊಂದಿಸಿ, ಕಣ್ಣು, ತುಟಿ, ಮೂಗಿನ ಹೊಳ್ಳೆಯ ಅಂಚು ಮಾಸ್ಕಲ್ಲಿ ಬಿಡಿ, ಇಲ್ಲಾಂದ್ರೆ ಅಲ್ಲಿ ಅಂಚು ಎರಡೆರಡು ಕಾಣ್ತದೆ. ಸಿಡುಬಿನ ಕಲೆ ದೊಡ್ಡದಿದ್ರೆ 6ಕ್ಕೆ ಬರೀ ಅದರ ಅಂಚು ಬರ್ತದೆ, ತಳ ಬರೋಲ್ಲ. ಅಷ್ಟು ಜಾಗಕ್ಕೆ ಬೇರೆಯಾಗಿ 15-20ಕ್ಕೆ ಏರಿಸಿ ಇನ್ನೊಂದು ಹಾಳೆ ಮಾಡ್ಕೊಳ್ಳಿ.

ಒಂದು ಕೆನ್ನೆ ಚೆನ್ನಾಗಿ ಬಂದಿಲ್ಲ ಅಂತ ಇನ್ನೊಂದು ಕೆನ್ನೆಯದ್ದನ್ನ ಮಗುಚಿ ಹಾಕ್ಬೇಡಿ. ಶಾರದಾ ಮೇಡಂ ಬಾವಿ ಅಂದ್ರಲ್ಲ, ಅದು ನೂರಕ್ಕೆ ನೂರು ನಿಜ. ಎಡಗಡೆ ಬೆಳಕಿದ್ರೆ ಗುಳಿಯ ಎಡ ಅಂಚು ಕಪ್ಪು, ಬಲ ಅಂಚು ಬೆಳಕು. ಮಗುಚಿದ್ರೆ ಇದು ಉಲ್ಟಾ ಆಗಿ ಗುಳಿಗಳೆಲ್ಲ ಗುಳ್ಳೆ ಆಗ್ತಾವೆ. ನಾನೇ ಒಂದು ಸಲ ಹಂಗೆ ಮಾಡಿ ಪ್ರಿಂಟ್ ಕೊಟ್ಟೆ, ಗಿರಾಕಿಯ ಮಗ ನೋಡಿ "ಅಪ್ಪಂಗೆ ಬೆವರುಸಾಲೆ ಆದಂಗಿದೆ" ಅಂದ, ದುಡ್ಡು ತಗೊಳ್ಳದೆ ಮತ್ತೆ ಮಾಡ್ಕೊಟ್ಟೆ.

ಶಾರದಾ:

ಅಂದ್ರೆ ತರಿ ಅನ್ನೋದು ಆ ತಪ್ಪು ಫೋಟೋದ ಹೆಸರು. ರೋಮಕೂಪವೇ ಸರಿ.

ವಾಮನರಾವ್:

ಗುಳಿ ಅನ್ನೋ ಕನ್ನಡ ಪದ ಈ ನಾಗೇಶ ಹತ್ತು ಸಲ ಬಳಸ್ಯಾನ, ನಿಮಗ ಕಾಣಲಿಲ್ಲೇನು? ಕೆನ್ನೆ ಗುಳಿ ಅಂತೀವಿ, ಗುಳಿ ತೋಡಿ ಸಸಿ ಹಚ್ಚತೀವಿ. ಸರಿ, ತರಿ ಗ್ರೈನಿಗೆ ಇರಲಿ, ಗುಳಿ ಚರ್ಮಕ್ಕ. ನಾನು ತರಿ ಬಿಡಂಗಿಲ್ಲ.

ಇನ್ನೊಂದು ಮಾತು. ಬೀಸುಕಲ್ಲು ಸವೆದು ನುಣ್ಣಗಾದ್ರ ಉಳಿಯಿಂದ ಮತ್ತ ಒರಟು ಮಾಡಸ್ತಿದ್ವಿ, ಅದಕ್ಕ ನಮ್ಮ ಕಡೆ ಕಕ್ಕು ಹಾಕಿಸೋದು ಅಂತಾರ. ಕೆಲಸ ಇದೇ ಅಲ್ಲೇನು, ಸವೆದದ್ದಕ್ಕ ಒರಟು ವಾಪಸ್ ಕೊಡೋದು? ಮುಖಕ್ಕೂ ಕಕ್ಕು ಅನ್ರಿ.

ಉದಯ:

ನಮ್ಮ ಊರಲ್ಲಿ ಕಕ್ಕುವುದು ಅಂದ್ರೆ ವಾಂತಿ. ಫೋಟೋ ಅಂಗಡಿ ಬೋರ್ಡಲ್ಲಿ ಅದು ಬೇಡ. ಮರಾಠಿ ಸಾಲಲ್ಲಿ ಏನು ಬರೆಸಿದ್ದೀರಿ ಪ್ರಶಾಂತ್, ಪೋತ ಅಲ್ವಾ? ಬಟ್ಟೆಯ ಪೋತ ಅಂತ ಇಲ್ಲಿ ನಮ್ಮವರೂ ಹೇಳ್ತಾರೆ, ಅದನ್ನೇ ಇಟ್ಕೊಳ್ಳಿ. ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಅದು ಗೊತ್ತು, ಗುಳಿ ತರಿ ಗೊತ್ತಿಲ್ಲ.

ವಾಮನರಾವ್:

ಕನ್ನಡ ಕಾವ್ಯದಾಗ ಪೋತ ಅಂದ್ರ ಮರಿ. ಮಕ್ಕಳಿಗೆ ಗೊತ್ತಿಲ್ಲ ಅಂದ್ರ ಕಲಸ್ರಿ. ನಲವತ್ತು ವರ್ಷ ಆತು ಪುಣೆಕ್ಕ ಬಂದು, ಗೊತ್ತಿಲ್ಲ ಗೊತ್ತಿಲ್ಲ ಅಂತ ಒಂದೊಂದೇ ಪದ ಬಿಟ್ಟುಕೊಟ್ಟು ಈಗ ನಮ್ಮ ಮನೆಯಾಗ ಉಳಿದದ್ದು ಬರೇ ಅಡಗಿಮನಿ ಕನ್ನಡ.

ಉದಯ:

ಎರವಲು ತಗೊಂಡು ಭಾಷೆ ಸತ್ತದ್ದನ್ನು ನಾನು ನೋಡಲಿಲ್ಲ. ಬೋರ್ಡು ಓದಲಿಕ್ಕೆ ಬಾರದ್ದು ನೋಡಿದ್ದೇನೆ.

ಗೀತಾ:

ವಾಮನರಾವ್ ಕಾಕಾ ಹೇಳಿದ ಹಂಗೆ ಅಡಿಗೆಮನೆ ಕನ್ನಡ ಅಂದ್ರೆ ಕಮ್ಮಿ ಏನು? ತರಿ ಅಲ್ಲಿಂದಾನೇ ಬಂದಿದ್ದು. ನಾನು ಮೊದಲು ಪ್ರಶ್ನೆ ತಪ್ಪು ತಿಳ್ಕೊಂಡಿದ್ದೆ, ಈಗ ಅಜ್ಜಿ ಮಾತು ಓದಿ ಗೊತ್ತಾಯ್ತು. ಆ ಫೋಟೋ ಆಯ್ತಾ?

ಪ್ರಶಾಂತ:

ರಾತ್ರಿ ಕೂತು ಮಾಡ್ದೆ. ಕಲೆ ಮೂರೂ ಬಂತು, ಎಡಗೆನ್ನೆ ಮೇಲೆ ಎರಡು, ಹುಬ್ಬಿನ ಹತ್ರ ಒಂದು. ಆದ್ರೆ ನಾಗೇಶ್ ಸರ್, ಮುಖದ ಗ್ರೈನ್ ಗೋಡೆಗಿಂತ ದಪ್ಪ ಕಾಣ್ತಿದೆ, ನಾನು ನಾಯ್ಸ್ ಹಾಕೇ ಇಲ್ಲ.

ನಾಗೇಶ:

ಹಾಕಿಲ್ಲ, ಆದ್ರೆ ತಂದಿದೀರಿ. ಎರಡನೇ ನೆಗೆಟಿವಿಂದ ಗುಳಿ ಎತ್ತಿದಾಗ ಅದರ ಗ್ರೈನೂ ಜೊತೆಗೆ ಬರ್ತದೆ, ಮುಖ ಚಿಕ್ಕದಿತ್ತು ಅಂತ ಹಿಗ್ಗಿಸಿದ್ರಲ್ಲ, ಗ್ರೈನೂ ಹಿಗ್ಗಿತು. ಆ ಬೂದು ಹಾಳೆಗೆ ಅರ್ಧ ಪಿಕ್ಸೆಲ್, ಹೆಚ್ಚಂದ್ರೆ ಒಂದು ಪಿಕ್ಸೆಲ್ ಬ್ಲರ್ ಕೊಡಿ, ಗ್ರೈನ್ ಕರಗ್ತದೆ, ಗುಳಿ ಅದಕ್ಕಿಂತ ದೊಡ್ಡದು, ಉಳೀತದೆ. ಒಪ್ಯಾಸಿಟಿ 70ರ ಹತ್ರ ಇಳಿಸಿ. ಆಮೇಲೆ ಪ್ರಿಂಟಿನ ಅಳತೆಗೆ ತಂದು, 12 ಇಂಚಿಗೆ 3600 ಪಿಕ್ಸೆಲ್, ಕೊನೇಲಿ ಮುಖಕ್ಕೆ ಮಾತ್ರ ಸಣ್ಣ ಗ್ರೈನ್ ಹಾಕಿ, ಗೋಡೆಗೆ ಮೊದಲಿಂದು ಇದ್ದೇ ಇದೆ. ನೂರು ಪರ್ಸೆಂಟ್ ಜೂಮಲ್ಲಿ ಒಂದು ಸಲ ಗೋಡೆ, ಒಂದು ಸಲ ಹಣೆ ನೋಡಿ. ಪೂರ್ತಿ ಪ್ರಿಂಟಿಗೆ ಮುಂಚೆ ಕಣ್ಣು ಕೆನ್ನೆ ಬರೋ ಹಂಗೆ 4x6ರ ಒಂದು ತುಂಡು ಅದೇ ಅಳತೇಲಿ ಪ್ರಿಂಟ್ ತೆಗೀರಿ, ಸ್ಕ್ರೀನಲ್ಲಿ ಹೆಚ್ಚು ಅನ್ನಿಸಿದ್ದು ಕಾಗದದ ಮೇಲೆ ಸರಿ ಕಾಣ್ತದೆ.

ಪ್ರಶಾಂತ:

ಒಂದು ಪಿಕ್ಸೆಲಿಗೆ ಗುಳಿನೂ ಸ್ವಲ್ಪ ಮಂಕಾಯ್ತು, 0.6ಕ್ಕೆ ನಿಲ್ಲಿಸ್ದೆ. ತುಂಡು ಪ್ರಿಂಟ್ ತೆಗೆದೆ, ಈಗ ಗೋಡೆ ಮುಖ ಒಂದೇ ಫೋಟೋದ್ದು ಅನ್ನಿಸ್ತಿದೆ. ಅಜ್ಜಿ ಶನಿವಾರ ಬರ್ತಾರೆ.

ಬೋರ್ಡಿನವನು ಬಂದು ಕೂತಿದಾನೆ. "ಅಳಿಸಿದ ಚರ್ಮದ ಗುಳಿ, ಕಲೆ, ತರಿ ಮತ್ತೆ ಮೂಡಿಸುತ್ತೇವೆ" ಅಂತ ಬರೆಸ್ತಿದೀನಿ, ಒಂದು ಪದಕ್ಕೆ ಆಗ್ಲಿಲ್ಲ, ಅಕ್ಷರ ಸಣ್ಣದು ಮಾಡಿಸ್ದೆ.

ಶಾರದಾ:

ರೋಮಕೂಪ ಅಂತ ಬರೆಸಿದ್ರೆ ಜಾಗವೂ ಉಳೀತಿತ್ತು.

ವಾಮನರಾವ್:

"ಮತ್ತೆ ಮೂಡಿಸುತ್ತೇವೆ" ಚೊಲೋ ಆತು. "ಚರ್ಮ" ಯಾಕ, "ತೊಗಲು" ಇರಲಿಲ್ಲೇನು?